ಐಜಿಎಂ ಪಾಸಿಟಿವ್ ಬಂದಿದೆಯೇ? ರುಬೆಲ್ಲಾ ವರದಿಯನ್ನು ದಿನಾಂಕ ಹಿಡಿದು ಓದುವ ಬಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಗರ್ಭಿಣಿಯರ ಫೈಲಿನಲ್ಲಿ ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ‘ಟಾರ್ಚ್’ ಎಂಬ ಹೆಸರಿನ ವರದಿಯೊಂದು ಸೇರಿಕೊಂಡಿರುವುದುಂಟು. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಾಲೊ ವೈರಸ್, ಹರ್ಪಿಸ್ ಎಂಬ ನಾಲ್ಕು ಸೋಂಕುಗಳಿಗೆ ತಲಾ ಎರಡು ಫಲಿತಾಂಶ. ಸಂಜೆ ವರದಿ ಮೊಬೈಲಿಗೆ ಬರುತ್ತದೆ, ವೈದ್ಯರ ಭೇಟಿ ಮರುದಿನವೋ ಅದರಾಚೆಗೋ ಇರುತ್ತದೆ. ರುಬೆಲ್ಲಾ ಐಜಿಎಂ ಎದುರು ‘ಪಾಸಿಟಿವ್’ ಎಂದು ದಪ್ಪ ಅಕ್ಷರದಲ್ಲಿದ್ದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಗರ್ಭ ತೆಗೆಸುವ ಮಾತೂ ಬಂದುಬಿಡುತ್ತದೆ. ಆ ಮಾತು ಒಂದೇ ಹಾಳೆಯ ಆಧಾರದ ಮೇಲೆ ನಿರ್ಧಾರವಾಗಬಾರದು ಎಂಬ ಕಾರಣಕ್ಕೇ ಈ ಲೇಖನ.

ಭಯಕ್ಕೆ ಆಧಾರವಿಲ್ಲ ಎಂದಲ್ಲ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗುವಿಗೆ ಕಣ್ಣಿನ ಪೊರೆ ಬರಬಹುದೆಂದು ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ಗುರುತಿಸಿದರು. ಕಿವುಡುತನ ಮತ್ತು ಹೃದಯದ ದೋಷಗಳೂ ಇದರ ಜೊತೆಗಿವೆ. ಮೊದಲ ಹನ್ನೆರಡು ವಾರಗಳೊಳಗೆ ತಾಯಿಗೆ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೆ ತೊಂದರೆಯಾಗುವ ಸಾಧ್ಯತೆ ನೂರಕ್ಕೆ ತೊಂಬತ್ತರವರೆಗೂ ಇದೆ. ನಂತರ ಅದು ವೇಗವಾಗಿ ಇಳಿದು, ಇಪ್ಪತ್ತನೆಯ ವಾರದ ಬಳಿಕ ತೀರಾ ಅಪರೂಪವಾಗುತ್ತದೆ. ಆದ್ದರಿಂದ ವರದಿಯನ್ನು ಕೇಳಬೇಕಾದ ಪ್ರಶ್ನೆ ‘ಸೋಂಕು ಇದೆಯೇ’ ಎಂಬುದಲ್ಲ, ‘ಸೋಂಕು ಯಾವಾಗ ತಗುಲಿತು’ ಎಂಬುದು.

ಎರಡು ಸಾಲುಗಳು ಹೇಳುವುದೇನು

ರುಬೆಲ್ಲಾ ತಗುಲಿದಾಗ ದೇಹ ಮೊದಲು ಐಜಿಎಂ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಮೈಮೇಲೆ ಕೆಂಪು ದದ್ದು ಕಾಣಿಸಿಕೊಂಡ ನಾಲ್ಕೈದು ದಿನಗಳಲ್ಲಿ ಅದು ರಕ್ತದಲ್ಲಿ ಸಿಗುತ್ತದೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಮರೆಯಾಗುತ್ತದೆ. ಅದರ ಬೆನ್ನಿಗೇ ಬರುವ ಐಜಿಜಿ ಬಹುತೇಕ ಜೀವಮಾನವಿಡೀ ಉಳಿಯುತ್ತದೆ. ಐಜಿಜಿ ಪಾಸಿಟಿವ್ ಇದ್ದು ಐಜಿಎಂ ನೆಗೆಟಿವ್ ಇದ್ದರೆ, ಎಂದೋ ಬಂದುಹೋದ ಸೋಂಕಿನಿಂದಲೋ ಲಸಿಕೆಯಿಂದಲೋ ರಕ್ಷಣೆ ಸಿಕ್ಕಿದೆ ಎಂದರ್ಥ. ಇದು ಒಳ್ಳೆಯ ಸುದ್ದಿ. ಐಜಿಜಿ ಸಂಖ್ಯೆ ಇನ್ನೂರು, ಮುನ್ನೂರು ಇದ್ದರೂ ಹೆದರಬೇಕಿಲ್ಲ. ಎತ್ತರದ ಸಂಖ್ಯೆಯೆಂದರೆ ಹೊಸ ಸೋಂಕು ಎಂಬ ತಿಳಿವಳಿಕೆ ತಪ್ಪು. ವರ್ಷಗಳ ಹಿಂದಿನ ಸೋಂಕಿನಲ್ಲೂ ಕೆಲವರ ಐಜಿಜಿ ಮೇಲ್ಮಟ್ಟದಲ್ಲೇ ಇರುತ್ತದೆ.

ಗೊಂದಲ ಹುಟ್ಟುವುದು ಎರಡೂ ಪಾಸಿಟಿವ್ ಬಂದಾಗ. ಇದಕ್ಕೆ ಹೊಸ ಸೋಂಕು ಒಂದು ಕಾರಣವಷ್ಟೆ. ಕೆಲವರಲ್ಲಿ ಐಜಿಎಂ ಅನೇಕ ತಿಂಗಳು, ವರ್ಷದಾಚೆಗೂ ಸಣ್ಣ ಪ್ರಮಾಣದಲ್ಲಿ ಉಳಿದುಬಿಡುತ್ತದೆ. ಲಸಿಕೆಯ ಬಳಿಕವೂ ಹೀಗಾಗಬಹುದು. ಪಾರ್ವೊವೈರಸ್‌ನಂತಹ ಬೇರೆ ಸೋಂಕುಗಳು ಮತ್ತು ಸಂಧಿವಾತದಲ್ಲಿ ಕಾಣುವ ರುಮಟಾಯ್ಡ್ ಫ್ಯಾಕ್ಟರ್ ಕೂಡ ಕಿಟ್ಟನ್ನು ದಾರಿ ತಪ್ಪಿಸುತ್ತವೆ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ಯಾವ ಲಕ್ಷಣವೂ ಇಲ್ಲದ ಸಾವಿರ ಗರ್ಭಿಣಿಯರಲ್ಲಿ ಒಬ್ಬರಿಗೆ ನಿಜವಾಗಿ ಹೊಸ ಸೋಂಕಿದೆ, ಕಿಟ್ ನೂರಕ್ಕೆ ಒಬ್ಬರಲ್ಲಿ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಆಗ ಪಾಸಿಟಿವ್ ವರದಿ ಹಿಡಿದು ನಿಂತ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಗೆ ಹೊಸ ಸೋಂಕೇ ಇರುವುದಿಲ್ಲ. ಜ್ವರ, ದದ್ದು, ಸಂಪರ್ಕ ಏನೂ ಇಲ್ಲದವರಿಗೆ ಇಡೀ ಟಾರ್ಚ್ ಪರೀಕ್ಷೆ ಬರೆದುಕೊಡುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಮೊದಲು ದಿನಾಂಕಗಳನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಕೊನೆಯ ಮುಟ್ಟಿನ ಮೊದಲ ದಿನ, ರಕ್ತ ಕೊಟ್ಟ ದಿನ, ಈ ನಡುವೆ ಜ್ವರ, ದದ್ದು, ಕಿವಿಯ ಹಿಂದೆ ಗಂಟು ಅಥವಾ ಕೀಲುನೋವು ಬಂದಿದ್ದರೆ ಆ ದಿನ, ದದ್ದು ಎದ್ದ ಮಗುವಿನ ಜೊತೆ ಇದ್ದಿದ್ದರೆ ಆ ದಿನ, ಇಷ್ಟನ್ನೂ ಬರೆಯಿರಿ. ಸೋಂಕು ತಗುಲಿದ ಎರಡು ಮೂರು ವಾರಗಳ ನಂತರ ದದ್ದು ಏಳುತ್ತದೆ. ಎಷ್ಟೋ ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲವಾದ್ದರಿಂದ ‘ಏನೂ ಆಗಿಲ್ಲ’ ಎಂಬ ನೆನಪೊಂದೇ ಸಾಲದು.

ಲಸಿಕೆಯ ಕಾರ್ಡನ್ನೂ ಹುಡುಕಿ. ಇಲ್ಲಿ ಗಡಿಯ ವಿಷಯವೊಂದಿದೆ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ಕೇರಳದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಆರಂಭವಾಯಿತು. ಪುತ್ತೂರಿನಿಂದ ಬದಿಯಡ್ಕಕ್ಕೆ ಮದುವೆಯಾಗಿ ಬಂದ ಹುಡುಗಿಯ ಚೀಟಿ ತವರಿನ ಕಪಾಟಿನಲ್ಲಿರಬಹುದು. ಆಗ ಹದಿನೈದು ದಾಟಿದ್ದವರು ಆ ಅಭಿಯಾನದಲ್ಲಿ ಸೇರಿರುವುದಿಲ್ಲ. ಹಿಂದಿನ ಬಸಿರಿನಲ್ಲೋ ಮದುವೆಗೆ ಮೊದಲೋ ಮಾಡಿಸಿದ ರುಬೆಲ್ಲಾ ಐಜಿಜಿ ವರದಿ ಸಿಕ್ಕಿದರಂತೂ ಅದು ಚಿನ್ನ. ಆಗಲೇ ಐಜಿಜಿ ಸ್ಪಷ್ಟವಾಗಿ ಪಾಸಿಟಿವ್ ಇದ್ದರೆ ಈಗಿನದು ಮೊದಲ ಸೋಂಕಲ್ಲ ಎಂದು ಬಹುಮಟ್ಟಿಗೆ ಹೇಳಬಹುದು.

ನಂತರ ಅವಿಡಿಟಿ ಪರೀಕ್ಷೆ

ಹಳೆಯ ಸೋಂಕನ್ನೂ ಹೊಸದನ್ನೂ ಬೇರ್ಪಡಿಸುವ ಮುಖ್ಯ ಸಾಧನ ಐಜಿಜಿ ಅವಿಡಿಟಿ. ಪ್ರತಿಕಾಯವು ವೈರಸ್ಸಿನ ಅಂಶವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ಇದು ಅಳೆಯುತ್ತದೆ. ಸೋಂಕಿನ ಆರಂಭದಲ್ಲಿ ಹುಟ್ಟಿದ ಐಜಿಜಿಯ ಹಿಡಿತ ಸಡಿಲ, ತಿಂಗಳುಗಳು ಕಳೆದಂತೆ ಅದು ಬಿಗಿಯಾಗುತ್ತದೆ. ಪ್ರಯೋಗಾಲಯದಲ್ಲಿ ಯೂರಿಯಾದಂತಹ ದ್ರಾವಣದಿಂದ ತೊಳೆದು, ಬಿಟ್ಟುಹೋಗದೆ ಉಳಿದ ಪಾಲನ್ನು ಶೇಕಡಾವಾರು ಹೇಳುತ್ತಾರೆ. ಅವಿಡಿಟಿ ಹೆಚ್ಚಿದ್ದರೆ ರಕ್ತ ಕೊಟ್ಟ ದಿನಕ್ಕಿಂತ ಸುಮಾರು ಮೂರು ತಿಂಗಳ ಹಿಂದೆಯೇ ಸೋಂಕು ಆಗಿಹೋಗಿದೆ ಎಂದು ತಿಳಿಯಬೇಕು. ಎಲ್ಲ ಊರಿನ ಲ್ಯಾಬುಗಳಲ್ಲಿ ಈ ಪರೀಕ್ಷೆ ಇರುವುದಿಲ್ಲ. ಮಾದರಿಯನ್ನು ಹೊರಗೆ ಕಳಿಸುತ್ತಾರೆಯೇ, ಎಷ್ಟು ದಿನ ಹಿಡಿಯುತ್ತದೆ ಎಂದು ಮೊದಲೇ ವಿಚಾರಿಸಿ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಬದಿಯಡ್ಕದ ಇಪ್ಪತ್ತಾರು ವರ್ಷದ ಮಹಿಳೆ. ಕೊನೆಯ ಮುಟ್ಟು ಜನವರಿ 4ರಂದು. ಮಾರ್ಚ್ 8ರಂದು, ಅಂದರೆ ಒಂಬತ್ತು ವಾರ ತುಂಬಿದ ದಿನ, ರಕ್ತಪರೀಕ್ಷೆ. ಐಜಿಜಿ 148, ಐಜಿಎಂ 1.3. ಆ ಕಿಟ್‌ನಲ್ಲಿ ಐಜಿಎಂ 1ರಿಂದ ಮೇಲಿದ್ದರೆ ಪಾಸಿಟಿವ್, ಹಾಗಾಗಿ ಇದು ಗೆರೆ ದಾಟಿದ್ದು ಸ್ವಲ್ಪವೇ. ಜ್ವರವಿಲ್ಲ, ದದ್ದಿಲ್ಲ, ಲಸಿಕೆಯ ದಾಖಲೆಯಿಲ್ಲ. ಮಾರ್ಚ್ 12ರಂದು ಅವಿಡಿಟಿಗಾಗಿ ರಕ್ತ ಕೊಟ್ಟರು. ಫಲಿತಾಂಶ 72. ಆ ಕಿಟ್‌ನ ಪ್ರಕಾರ 60ಕ್ಕಿಂತ ಮೇಲಿನದು ಬಿಗಿ, 40ಕ್ಕಿಂತ ಕೆಳಗಿನದು ಸಡಿಲ, ನಡುವಿನದು ಅನಿಶ್ಚಿತ.

ಈಗ ಕ್ಯಾಲೆಂಡರ್ ತೆಗೆಯಿರಿ. ಮಾರ್ಚ್ 12ರಿಂದ ಮೂರು ತಿಂಗಳು ಹಿಂದಕ್ಕೆ ಹೋದರೆ ಡಿಸೆಂಬರ್ 12. ಸೋಂಕು ಆಗಿದ್ದರೆ ಅದಕ್ಕೂ ಮೊದಲು ಆಗಿದೆ. ಕೊನೆಯ ಮುಟ್ಟೇ ಜನವರಿ 4ಕ್ಕೆ, ಗರ್ಭ ನಿಂತದ್ದು ಅದಾಗಿ ಸುಮಾರು ಎರಡು ವಾರಕ್ಕೆ. ಗರ್ಭ ನಿಲ್ಲುವ ತಿಂಗಳ ಮೊದಲೇ ಸೋಂಕು ಮುಗಿದಿತ್ತು. ಆ ಐಜಿಎಂ ಹಳೆಯ ಉಳಿಕೆಯೋ ಕಿಟ್ಟಿನ ತಪ್ಪೋ ಆಗಿರಬಹುದು, ಮಗುವಿಗೆ ಅದರಿಂದ ಅಪಾಯವಿಲ್ಲ.

ಇದೇ ಮಹಿಳೆ ಅವಿಡಿಟಿಯನ್ನು ಇಪ್ಪತ್ತನೆಯ ವಾರದಲ್ಲಿ ಮಾಡಿಸಿದ್ದರೆ? ಆಗಲೂ 72 ಬರಬಹುದಿತ್ತು. ಆದರೆ ಇಪ್ಪತ್ತನೆಯ ವಾರದಿಂದ ಮೂರು ತಿಂಗಳು ಹಿಂದೆ ಹೋದರೆ ಏಳನೆಯ ವಾರಕ್ಕೆ ಬಂದು ನಿಲ್ಲುತ್ತೇವೆ. ನಮಗೆ ಭಯವಿರುವ ಮೊದಲ ವಾರಗಳು ಆ ಗೆರೆಯ ಆಚೆಗೇ ಉಳಿಯುತ್ತವೆ, ಸಮಾಧಾನ ಹೇಳಲು ಬರುವುದಿಲ್ಲ. ಈ ಪರೀಕ್ಷೆಯ ಬೆಲೆಯಿರುವುದು ಬೇಗ ಮಾಡಿಸಿದಾಗ. ತಡವಾಗಿದ್ದರೆ, ಮೊದಲ ಭೇಟಿಯಲ್ಲಿ ಕೊಟ್ಟ ರಕ್ತದ ಸೀರಮ್ ಲ್ಯಾಬಿನಲ್ಲಿ ಶೀತಲವಾಗಿ ಉಳಿದಿದೆಯೇ ಎಂದು ಆ ದಿನವೇ ಫೋನ್ ಮಾಡಿ ಕೇಳಿ, ಎಸೆಯದಂತೆ ಹೇಳಿ.

ಅವಿಡಿಟಿ ಕಡಿಮೆ ಬಂದರೆ ಅದು ಹೊಸ ಸೋಂಕಿನ ಪೂರ್ಣ ಸಾಕ್ಷಿಯಲ್ಲ. ಕೆಲವರಲ್ಲಿ ಹಿಡಿತ ನಿಧಾನವಾಗಿ ಬಿಗಿಯಾಗುತ್ತದೆ, ಲಸಿಕೆಯಿಂದ ಬಂದ ಐಜಿಜಿ ಇನ್ನೂ ನಿಧಾನ. ಐಜಿಜಿಯ ಪ್ರಮಾಣವೇ ತೀರಾ ಕಡಿಮೆಯಿದ್ದರೆ ಅವಿಡಿಟಿಯ ಸಂಖ್ಯೆಯನ್ನು ನಂಬಲಾಗದು.

ಎರಡನೆಯ ರಕ್ತ, ಅದೇ ಲ್ಯಾಬಿನಲ್ಲಿ

ಅನುಮಾನ ಉಳಿದರೆ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ನಿಜವಾದ ಹೊಸ ಸೋಂಕಿನಲ್ಲಿ ಐಜಿಜಿ ಸ್ಪಷ್ಟವಾಗಿ ಏರುತ್ತದೆ. ಹಳೆಯದಾದರೆ 148 ಇದ್ದದ್ದು 155 ಆಗಬಹುದು, 140 ಆಗಬಹುದು, ಅಷ್ಟೆ. ನಮ್ಮ ಕಡೆ ಎಡವುವುದು ಇಲ್ಲೇ: ಮೊದಲ ರಕ್ತ ಕಾಸರಗೋಡಿನಲ್ಲಿ, ಎರಡನೆಯದು ತವರಿಗೆ ಹೋದಾಗ ಮಂಗಳೂರಿನಲ್ಲಿ. ಒಂದು ಕಿಟ್‌ನ ಸಂಖ್ಯೆಯನ್ನು ಇನ್ನೊಂದು ಕಿಟ್‌ನ ಸಂಖ್ಯೆಯ ಪಕ್ಕ ಇಡಲಾಗದು. ಒಂದೇ ರಕ್ತ ಎರಡು ಕಡೆ 90 ಮತ್ತು 180 ತೋರಿಸಿದರೆ, ಏರಿಯೇ ಇಲ್ಲದ ಐಜಿಜಿ ದುಪ್ಪಟ್ಟಾದಂತೆ ಕಾಣುತ್ತದೆ. ಉಳಿಸಿಟ್ಟ ಮೊದಲ ಮಾದರಿಯನ್ನೂ ಹೊಸದನ್ನೂ ಒಂದೇ ಲ್ಯಾಬಿನಲ್ಲಿ, ಒಂದೇ ಸರದಿಯಲ್ಲಿ ಪರೀಕ್ಷಿಸಲು ಕೇಳಿ.

ಐಜಿಜಿ ನೆಗೆಟಿವ್ ಇದ್ದು ಐಜಿಎಂ ಮಾತ್ರ ಪಾಸಿಟಿವ್ ಇದ್ದಾಗಲೂ ಇದೇ ದಾರಿ. ಒಂದೆರಡು ವಾರದಲ್ಲಿ ಐಜಿಜಿ ಹುಟ್ಟಿಕೊಂಡರೆ ಸೋಂಕು ನಿಜ, ಮತ್ತೆ ಮತ್ತೆ ನೋಡಿದರೂ ಹುಟ್ಟದಿದ್ದರೆ ಐಜಿಎಂ ಸುಳ್ಳು.

ಅವಿಡಿಟಿ ಕಡಿಮೆ, ಐಜಿಜಿ ಏರಿಕೆ, ದದ್ದಿನ ಇತಿಹಾಸ, ಇವೆಲ್ಲ ಒಂದೇ ದಿಕ್ಕಿಗೆ ಬೊಟ್ಟು ಮಾಡಿದರೆ ಭ್ರೂಣವೈದ್ಯಶಾಸ್ತ್ರದ ತಜ್ಞರನ್ನು ಕಾಣಲೇಬೇಕು. ಸೋಂಕು ಮಗುವನ್ನು ಮುಟ್ಟಿದೆಯೇ ಎಂದು ನೋಡಲು ಗರ್ಭಜಲದ ಪಿಸಿಆರ್ ಪರೀಕ್ಷೆಯಿದೆ. ತಾಯಿಗೆ ಸೋಂಕಾಗಿ ಕನಿಷ್ಠ ಆರು ವಾರ ಕಳೆದ ಮೇಲೆ, ಹದಿನೆಂಟು ಇಪ್ಪತ್ತನೆಯ ವಾರದ ಹೊತ್ತಿಗೆ ಅದನ್ನು ಮಾಡುತ್ತಾರೆ.

ಉಳಿದ ಮೂರು ಹೆಸರುಗಳು

ಟಾಕ್ಸೊಪ್ಲಾಸ್ಮಾದ ಐಜಿಎಂ ವರ್ಷಕ್ಕೂ ಹೆಚ್ಚು ಕಾಲ ಉಳಿಯುವುದು ಸಾಮಾನ್ಯ. ಅಲ್ಲಿ ಹೆಚ್ಚಿನ ಅವಿಡಿಟಿ ಸುಮಾರು ನಾಲ್ಕು ತಿಂಗಳ ಒಳಗಿನ ಸೋಂಕನ್ನು ತಳ್ಳಿಹಾಕುತ್ತದೆ. ಸೈಟೊಮೆಗಾಲೊ ವೈರಸ್ಸಿನ ಐಜಿಜಿ ನಮ್ಮ ದೇಶದ ಬಹುತೇಕ ವಯಸ್ಕರಲ್ಲಿ ಪಾಸಿಟಿವ್ ಇರುತ್ತದೆ, ಐಜಿಎಂ ಕೂಡ ಬಂದರೆ ಅಲ್ಲೂ ಅವಿಡಿಟಿಯೇ ದಾರಿ. ಆದರೆ ಹಳೆಯ ಸೋಂಕು ಮತ್ತೆ ಎದ್ದು ಮಗುವಿಗೆ ದಾಟುವ ಸಣ್ಣ ಸಾಧ್ಯತೆ ಈ ವೈರಸ್ಸಿಗೆ ಇರುವುದರಿಂದ ರುಬೆಲ್ಲಾದಷ್ಟು ನಿಶ್ಚಿಂತೆಯ ಮಾತು ಹೇಳಲಾಗದು. ಹರ್ಪಿಸ್‌ನಲ್ಲಿ, ಹುಣ್ಣಿಲ್ಲದವರ ಐಜಿಎಂ ನೋಡಿ ಯಾವ ತೀರ್ಮಾನಕ್ಕೂ ಬರಬಾರದು.

ಎರಡೂ ನೆಗೆಟಿವ್ ಆದಾಗ

ಇದನ್ನು ‘ಎಲ್ಲ ಸರಿ’ ಎಂದು ಓದಿ ಫೈಲು ಮುಚ್ಚುವವರೇ ಹೆಚ್ಚು. ರುಬೆಲ್ಲಾ ಐಜಿಜಿ ನೆಗೆಟಿವ್ ಎಂದರೆ ರಕ್ಷಣೆ ಇಲ್ಲ. ಬಹಳಷ್ಟು ಕಿಟ್‌ಗಳು 10 ಐಯುಗಿಂತ ಮೇಲಿನದನ್ನು ರಕ್ಷಣೆ ಎನ್ನುತ್ತವೆ, ಕೆಲವದರ ಗೆರೆ 15. ನಿಮ್ಮ ವರದಿಯಲ್ಲೇ ಅಚ್ಚಾದ ಗೆರೆಯನ್ನು ನೋಡಿ. ದದ್ದು ಎದ್ದ ಮಗುವಿನ ಸಂಪರ್ಕವಾದರೆ ಕೂಡಲೇ ಒಮ್ಮೆ ರಕ್ತ ಕೊಟ್ಟು, ಎರಡು ಮೂರು ವಾರಕ್ಕೆ ಮತ್ತೊಮ್ಮೆ, ಆಗಲೂ ನೆಗೆಟಿವ್ ಇದ್ದರೆ ಸಂಪರ್ಕವಾದ ಆರು ವಾರಕ್ಕೆ ಇನ್ನೊಮ್ಮೆ ಪರೀಕ್ಷಿಸಬೇಕು. ಗರ್ಭಿಣಿಗೆ ರುಬೆಲ್ಲಾ ಲಸಿಕೆ ಹಾಕುವುದಿಲ್ಲ. ಗರ್ಭ ನಿಂತದ್ದು ತಿಳಿಯದೆ ಹಾಕಿಸಿಕೊಂಡಿದ್ದರೆ ಆ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಯೂ ಇಲ್ಲ. ತಾಯಿ ಕಾರ್ಡಿನ ಮೇಲೆ ‘ರುಬೆಲ್ಲಾ ಐಜಿಜಿ ನೆಗೆಟಿವ್, ಹೆರಿಗೆಯ ನಂತರ ಲಸಿಕೆ’ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಎದೆಹಾಲುಣಿಸುವಾಗಲೂ ಆ ಲಸಿಕೆಯನ್ನು ಹಾಕಿಸಿಕೊಳ್ಳಬಹುದು, ಅದಾದ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಂಡರೆ ಸಾಕು.