ಎರಡು ಬಾಚಿ ಹಲ್ಲು, ಒಂದು ಹಳೆಯ ಎಕ್ಸ್‌ರೇ

ಆಗಸ್ಟ್ ಕೊನೆಯ ವಾರ. ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದು ಇನ್ನೂ ತಿಂಗಳಾಗಿರಲಿಲ್ಲ. ಕಾರವಾರದ ಉತ್ತರಕ್ಕೆ ಬಂಡೆಗಳ ನಡುವೆ ಒಂದು ಶವ ಬಂದು ಸಿಕ್ಕಿಕೊಂಡಿತ್ತು. ಮುಖ ಉಳಿದಿರಲಿಲ್ಲ, ಬೆರಳಚ್ಚು ತೆಗೆಯುವ ಹಾಗೂ ಇರಲಿಲ್ಲ. ಪೊಲೀಸರು ಅಸಹಜ ಸಾವು ಎಂದು ಯುಡಿಆರ್ ದಾಖಲಿಸಿದ್ದರು. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ನನಗೆ ಫೋನ್ ಮಾಡಿ, "ಹಲ್ಲು ಚೆನ್ನಾಗಿ ಉಳಿದಿದೆ, ಬಂದು ನೋಡ್ತೀರಾ?" ಎಂದರು. ಪೊಲೀಸರ ಕೋರಿಕೆ ಪತ್ರ ಕೈಗೆ ಬಂದ ಮೇಲೆ ಹೋದೆ. ನಾನು ಹಲ್ಲಿನ ವೈದ್ಯ. ಕ್ಲಿನಿಕ್ಕಿನ ಕೆಲಸದ ನಡುವೆ ಇಂಥ ಕರೆ ಬಂದಾಗ ಹೋಗುತ್ತೇನೆ. ಆ ಮನೆಯವರ ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ. ಹಲ್ಲಿನ ವಿಷಯ ಮಾತ್ರ ಇದ್ದ ಹಾಗೆಯೇ ಇದೆ.

ಪೊಲೀಸರ ಬಳಿ ಕಾಣೆಯಾದ ಇಬ್ಬರ ಹೆಸರಿತ್ತು. ಒಬ್ಬ ಕುಮಟಾ ಕಡೆಯ 29ರ ಹುಡುಗ. ಇನ್ನೊಬ್ಬರು ಅಂಕೋಲಾ ಕಡೆಯವರು, ವಯಸ್ಸು 46. ಇಬ್ಬರೂ ಬೇರೆ ಬೇರೆ ಬೋಟಿನಿಂದ ಬಿದ್ದವರು. ನನ್ನ ಮುಂದೆ ಎರಡು ಪ್ರಶ್ನೆ ಇದ್ದವು. ಈ ವ್ಯಕ್ತಿಯ ವಯಸ್ಸು ಎಷ್ಟು? ಈತ ಯಾರು? ಹೊಸಬರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಆದರೆ ಮೊದಲನೆಯದಕ್ಕೆ ಶವದ ಹಲ್ಲು ಸಾಕು. ಎರಡನೆಯದಕ್ಕೆ ಆ ವ್ಯಕ್ತಿ ಬದುಕಿದ್ದಾಗಿನ ದಾಖಲೆಯೂ ಬೇಕು.

ಮೊದಲು ಏನನ್ನೂ ತೊಳೆಯದೆ, ಅಳತೆ ಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದೆವು. ಆಮೇಲೆ ಮೆತ್ತನೆಯ ಬ್ರಷ್ ಮತ್ತು ನೀರಿನಲ್ಲಿ ಮರಳು ತೊಳೆದು ಮತ್ತೆ ಫೋಟೋ. ಹಲ್ಲನ್ನು ಕೆರೆಯಬಾರದು, ಬೇರಿನ ಮೇಲಿನ ಗುರುತುಗಳು ನಮಗೆ ಬೇಕಾಗುತ್ತವೆ. ನಂತರ ಒಂದೊಂದೇ ಹಲ್ಲಿನ ಸ್ಥಿತಿ ಬರೆದುಕೊಂಡೆವು. ನಾನು ಹೇಳುವುದು, ನನ್ನ ಸಹಾಯಕಿ ಬರೆಯುವುದು. ಮುಗಿದ ಮೇಲೆ ಅವಳು ನೋಡಿ ಹೇಳುವುದು, ನಾನು ತಾಳೆ ನೋಡುವುದು. ಹಲ್ಲಿಗೆ ಎರಡು ಅಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ ಬಾಯಿಯ ಯಾವ ಭಾಗ ಎಂದು ಹೇಳುತ್ತದೆ: ಮೇಲೆ ಬಲ 1, ಮೇಲೆ ಎಡ 2, ಕೆಳಗೆ ಎಡ 3, ಕೆಳಗೆ ಬಲ 4. ಎರಡನೆಯದು ನಡುವಿನಿಂದ ಹಿಂದಕ್ಕೆ ಎಣಿಕೆ. 36 ಎಂದರೆ ಕೆಳಗೆ ಎಡಭಾಗದ ಆರನೇ ಹಲ್ಲು, ಅಂದರೆ ಮೊದಲ ದೊಡ್ಡ ದವಡೆ ಹಲ್ಲು.

ಮುಂದಿನ ಮೂರು ಹಲ್ಲು ಇರಲಿಲ್ಲ. ಆದರೆ ಅವುಗಳ ಗುಳಿಗಳ ಅಂಚು ಚೂಪಾಗಿ, ಒಳಗೆ ಖಾಲಿಯಾಗಿ ಇದ್ದವು. ಅಂದರೆ ಸತ್ತ ಮೇಲೆ ಉದುರಿದವು. ಒಂದೇ ಬೇರಿನ ಹಲ್ಲುಗಳನ್ನು ಹಿಡಿದ ನಾರು ಕೊಳೆತರೆ ಅವು ಸುಮ್ನೆ ಜಾರಿ ಹೋಗುತ್ತವೆ. ಕೆಳಗೆ ಬಲಗಡೆಯ 46ರ ಜಾಗದ ಕಥೆ ಬೇರೆ. ಅಲ್ಲಿ ಎಲುಬು ಪೂರ್ತಿ ತುಂಬಿ ನುಣುಪಾಗಿತ್ತು, ಹಿಂದಿನ ಹಲ್ಲು ಆ ಸಂದಿಗೆ ವಾಲಿತ್ತು. ಎಷ್ಟೋ ವರ್ಷದ ಹಿಂದೆ ಕೀಳಿಸಿದ ಹಲ್ಲು ಅದು. 36ರಲ್ಲಿ ರೂಟ್ ಕೆನಾಲ್ ಆಗಿತ್ತು. ನಮ್ಮ ಕಡೆ ಜನ ಇದನ್ನು "ನರ ತೆಗೆಸೋದು" ಅಂತಾರೆ.

ಈಗ ವಯಸ್ಸು. ಹಲ್ಲುಗಳ ತುದಿ ಜಾಸ್ತಿ ಸವೆದಿತ್ತು. ನೋಡಿದ ಕೂಡಲೇ ನನ್ನ ಮನಸ್ಸು 55 ದಾಟಿದೆ ಎಂದಿತು. ಅಲ್ಲೇ ನಿಲ್ಲಬೇಕಾಯಿತು. ಹಲ್ಲಿನ ಮೇಲೆ ಕಪ್ಪು ಕೆಂಪು ಕಲೆ ಇತ್ತು. ಅಡಿಕೆ, ಗುಟ್ಕಾ ಜಗಿಯುವವರ ಹಲ್ಲು ವಯಸ್ಸಿಗಿಂತ ಬಹಳ ಮುಂಚೆ ಸವೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಶಿರಸಿಯ ತೋಟದಿಂದ ಕಡಲಿನವರೆಗೆ ಈ ಅಭ್ಯಾಸ ಇದೆ. ಇಲ್ಲಿ ಸವೆತ ನೋಡಿ ವಯಸ್ಸು ಹೇಳಿದರೆ ತಪ್ಪುವುದೇ ಹೆಚ್ಚು.

ಮಕ್ಕಳಾಗಿದ್ದರೆ ಕೆಲಸ ಸುಲಭ. ಅವರ ಹಲ್ಲು ಇನ್ನೂ ಬೆಳೆಯುತ್ತಿರುತ್ತದೆ, ಬೇರು ಎಷ್ಟು ಬೆಳೆದಿದೆ ಎಂದು ಎಕ್ಸ್‌ರೇಯಲ್ಲಿ ನೋಡಿ ಸಾಕಷ್ಟು ಹತ್ತಿರದ ವಯಸ್ಸು ಹೇಳಬಹುದು. ದೊಡ್ಡವರಲ್ಲಿ ಬೆಳವಣಿಗೆ ಮುಗಿದಿರುತ್ತದೆ. ಅಲ್ಲಿ ಹಲ್ಲು ಮುದಿಯಾಗುವುದನ್ನು ಅಳೆಯಬೇಕು. ಹಾಗಾಗಿ ಮೊದಲು ಬುದ್ಧಿ ಹಲ್ಲಿನ ಎಕ್ಸ್‌ರೇ ತೆಗೆದೆ. ಅದರ ಬೇರಿನ ತುದಿಗಳು ಪೂರ್ತಿ ಮುಚ್ಚಿದ್ದವು. ಅಂದರೆ ಬೆಳವಣಿಗೆ ಮುಗಿದ ವಯಸ್ಕ.

ನಾನು ಆರಿಸಿದ್ದು ಲಾಮೆಂಡಿನ್ ವಿಧಾನ. ಫ್ರಾನ್ಸಿನ ಲಾಮೆಂಡಿನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ್ದು. ಇದು ನನಗೆ ಇಷ್ಟವಾಗಲು ಕಾರಣ, ಹಲ್ಲನ್ನು ಕೊಯ್ಯಬೇಕಿಲ್ಲ. ಒಂದೇ ಬೇರಿನ ಹಲ್ಲು, ಒಂದು ವರ್ನಿಯರ್, ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆ ಇದ್ದರೆ ಸಾಕು. ಮೇಲಿನ ಬಾಚಿ ಹಲ್ಲುಗಳಾದ 12 ಮತ್ತು 22 ಗುಳಿಯಲ್ಲೇ ಉಳಿದಿದ್ದವು. ಬೆರಳಲ್ಲಿ ಹಿಡಿದರೆ ಬಂದವು.

ಅಳೆಯುವುದು ಮೂರು ಉದ್ದ, ಮೂರೂ ತುಟಿಯ ಕಡೆಯ ಮೈಯಲ್ಲಿ. ಮೊದಲನೆಯದು ಬೇರಿನ ಉದ್ದ. ಬಿಳಿ ಎನಾಮಲ್ ಮುಗಿಯುವ ಗೆರೆಯಿಂದ ಬೇರಿನ ತುದಿಯವರೆಗೆ. ಎರಡನೆಯದು ವಸಡು ಎಷ್ಟು ಇಳಿದಿತ್ತು ಎಂಬುದು. ಎನಾಮಲ್ ಗೆರೆಯ ಕೆಳಗೆ ಬೇರಿನ ಮೇಲೆ ನುಣುಪಾದ ಹಳದಿ ಪಟ್ಟಿ ಕಾಣುತ್ತದೆ. ಆ ಪಟ್ಟಿಯ ಅಗಲವೇ ಈ ಅಳತೆ. ಮೂರನೆಯದು ಬೇರಿನ ಪಾರದರ್ಶಕತೆ. ವಯಸ್ಸಾದಂತೆ ಬೇರಿನೊಳಗಿನ ಸಣ್ಣ ಕೊಳವೆಗಳಲ್ಲಿ ಖನಿಜ ತುಂಬುತ್ತದೆ. ಇದು ತುದಿಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಹಲ್ಲನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟರೆ ಆ ಭಾಗ ಎಣ್ಣೆ ಹಚ್ಚಿದ ಕಾಗದದಂತೆ ಬೆಳಕು ಬಿಡುತ್ತದೆ. ಅದರ ಎತ್ತರ ಅಳೆಯಬೇಕು.

ವಸಡಿನ ಅಳತೆಯನ್ನು 100ರಿಂದ ಗುಣಿಸಿ ಬೇರಿನ ಉದ್ದದಿಂದ ಭಾಗಿಸಿದರೆ P. ಪಾರದರ್ಶಕ ಭಾಗವನ್ನೂ ಹಾಗೆಯೇ ಮಾಡಿದರೆ T. ಆಮೇಲೆ ವಯಸ್ಸು, ಅಂದರೆ A:

```
A = (0.18 × P) + (0.42 × T) + 25.53
```

12ರ ಬೇರು 13.5 ಮಿ.ಮೀ., ವಸಡಿನ ಪಟ್ಟಿ 3.0, ಪಾರದರ್ಶಕ ಭಾಗ 4.8 ಇತ್ತು. P 22.2, T 35.6 ಆಯಿತು. ಸೂತ್ರಕ್ಕೆ ಹಾಕಿದರೆ 4.0 + 14.9 + 25.53, ಅಂದರೆ ಸುಮಾರು 44 ವರ್ಷ. 22ರ ಬೇರು 13.2, ಪಟ್ಟಿ 3.2, ಪಾರದರ್ಶಕ ಭಾಗ 4.4. ಅದೂ ಸುಮಾರು 44 ಎಂದಿತು. ಸವೆತ ನೋಡಿ ನಾನು ಅಂದುಕೊಂಡದ್ದಕ್ಕಿಂತ ಹತ್ತು ವರ್ಷಕ್ಕೂ ಹೆಚ್ಚು ಕಡಿಮೆ.

ಕಾನ್‌ಸ್ಟೇಬಲ್ ತಕ್ಷಣ, "ಹಾಗಾದ್ರೆ ಅಂಕೋಲೆಯವ್ರೇ ಅಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಅಲ್ಲ, ಇಷ್ಟರಿಂದ ಹಾಗೆ ಹೇಳಲಾಗದು ಎಂದೆ. ಈ ವಿಧಾನದಲ್ಲಿ ಸುಮಾರು ಹತ್ತು ವರ್ಷದ ತಪ್ಪು ಬರುತ್ತದೆ. ಅದೂ ಸರಾಸರಿ ತಪ್ಪು. 34ರಿಂದ 54ರ ಹೊರಗೆ ಯಾರೂ ಇರಲಾರರು ಎಂದು ಅದರ ಅರ್ಥವಲ್ಲ. ವಸಡಿನ ರೋಗ ಇದ್ದವರಲ್ಲಿ ಎರಡನೇ ಅಳತೆ ಹಿಗ್ಗಿ ವಯಸ್ಸು ಹೆಚ್ಚು ತೋರಿಸುತ್ತದೆ. ಸೂತ್ರವನ್ನು ಇನ್ನೊಮ್ಮೆ ನೋಡಿ. P, T ಎರಡೂ ಸೊನ್ನೆಯಾದರೂ ಉತ್ತರ 25.53. ಇಪ್ಪತ್ತರ ಹುಡುಗನ ಹಲ್ಲು ಕೊಟ್ಟರೂ ಇದು 25ರ ಮೇಲೆಯೇ ಹೇಳುತ್ತದೆ. ತೀರಾ ವಯಸ್ಸಾದವರನ್ನು ಕಿರಿಯರಾಗಿ ತೋರಿಸುತ್ತದೆ. ಹಾಗಾಗಿ 29ರ ಹುಡುಗನನ್ನು ವಯಸ್ಸೊಂದರಿಂದಲೇ ಪಟ್ಟಿಯಿಂದ ತೆಗೆಯಲು ನಾನು ಒಪ್ಪಲಿಲ್ಲ. ಯಾವ ಮನೆಯ ಕದ ಮೊದಲು ತಟ್ಟಬೇಕು ಎಂದು ಹೇಳುವಷ್ಟು ಮಾತ್ರ ಆ 44ಕ್ಕೆ ಬೆಲೆ.

ಹುಡುಗ ಯಾವ ಹಲ್ಲಿನ ಡಾಕ್ಟರ ಹತ್ತಿರವೂ ಹೋದವನಲ್ಲ. ಆದರೆ ಅವನ ಅಕ್ಕನ ಮೊಬೈಲಿನಲ್ಲಿ ಅವನು ನಗುವ ಫೋಟೋ ಇತ್ತು. ಮೇಲಿನ ಒಂದು ಕೋರೆ ಹಲ್ಲು ಸಾಲಿನಿಂದ ಹೊರಬಂದು ಪಕ್ಕದ ಹಲ್ಲಿನ ಮೇಲೆ ಏರಿತ್ತು. ಅದು ಸೆಲ್ಫಿ. ಕೆಲವು ಫೋನುಗಳು ಸೆಲ್ಫಿಯನ್ನು ಕನ್ನಡಿಯಂತೆ ತಿರುಗಿಸಿ ಇಡುತ್ತವೆ, ಬಲ ಎಡವಾಗುತ್ತದೆ. ಅದಕ್ಕೆ ಶವದ ಎರಡೂ ಕೋರೆ ಹಲ್ಲು ನೋಡಿದೆ. ಎರಡೂ ಸಾಲಿನಲ್ಲಿ ನೆಟ್ಟಗೆ ಇದ್ದವು. ತಂತಿ ಹಾಕಿಸದೆ ಅಂಥ ಹಲ್ಲು ತಾನಾಗಿ ಒಳಗೆ ಬರುವುದಿಲ್ಲ, ಅವನು ಹಾಕಿಸಿಯೂ ಇರಲಿಲ್ಲ. ಅವನಲ್ಲ ಎಂದು ಬರೆದೆ.

ಅಂಕೋಲಾ ಕಡೆಯವರ ಹೆಂಡತಿಯನ್ನು ಕೇಳಿದಾಗ, "ಎರಡು ವರ್ಷದ ಹಿಂದೆ ನೋವು ತಡೀಲಾರದೆ ನರ ತೆಗೆಸಿದ್ರು ಸರ್. ಒಂದು ಹಲ್ಲು ಮಾತ್ರ ಮದುವೆಗೆ ಮೊದಲೇ ಕೀಳ್ಸಿದ್ದಂತೆ" ಎಂದರು. ಚಿಕಿತ್ಸೆ ಮಾಡಿದ ಕ್ಲಿನಿಕ್ಕಿನಿಂದ ಒಂದು ಕಾರ್ಡು, ಅದಕ್ಕೆ ಪಿನ್ ಹೊಡೆದ ಸಣ್ಣ ಎಕ್ಸ್‌ರೇ ಫಿಲ್ಮು ಬಂತು. ಕಾರ್ಡಿನಲ್ಲಿ ರೂಟ್ ಕೆನಾಲ್ 46ಕ್ಕೆ ಎಂದು ಬರೆದಿತ್ತು.

ನನ್ನ ಕೈ ತಣ್ಣಗಾಯಿತು. ಶವದಲ್ಲಿ 46 ಇಲ್ಲ. ತಾಳೆ ನೋಡುವಾಗ ಎರಡು ಬಗೆಯ ವ್ಯತ್ಯಾಸ ಸಿಗುತ್ತದೆ. ಹಳೆಯ ದಾಖಲೆಯಲ್ಲಿ ಇದ್ದ ಹಲ್ಲು ಈಗ ಇಲ್ಲದಿದ್ದರೆ ಅದಕ್ಕೆ ಕಾರಣ ಕೊಡಬಹುದು, ನಡುವೆ ಕೀಳಿಸಿರಬಹುದು. ಆಗ ಕಿತ್ತಿದ್ದ ಹಲ್ಲು ಈಗ ಇದ್ದರೆ ಕಾರಣವೇ ಇಲ್ಲ, ಆ ವ್ಯಕ್ತಿ ಅಲ್ಲ ಎಂದೇ ಬರೆಯಬೇಕು. ಇಲ್ಲಿ ಮೊದಲ ಬಗೆಯದು ಎನ್ನೋಣ ಎಂದರೆ, ಆ ಗುಳಿ ಮುಚ್ಚಿ ಪಕ್ಕದ ಹಲ್ಲು ವಾಲಿದ ರೀತಿ ಎರಡು ವರ್ಷದ್ದಾಗಿ ಕಾಣಲಿಲ್ಲ. ಮದುವೆಗೆ ಮೊದಲೇ ಕಿತ್ತ ಹಲ್ಲಿಗೆ ಎರಡು ವರ್ಷದ ಹಿಂದೆ ನರ ತೆಗೆದದ್ದು ಹೇಗೆ?

ಕಾರ್ಡು ಬದಿಗಿಟ್ಟು ಫಿಲ್ಮನ್ನೇ ಹಿಡಿದೆ. ಆ ಸಣ್ಣ ಫಿಲ್ಮಿನ ಮೂಲೆಯಲ್ಲಿ ಒಂದು ಉಬ್ಬು ಚುಕ್ಕೆ ಇರುತ್ತದೆ, ಬೆರಳಿಗೆ ಸಿಗುತ್ತದೆ. ಉಬ್ಬು ನಮ್ಮ ಕಡೆ ಬರುವಂತೆ ಹಿಡಿದರೆ ನಾವು ರೋಗಿಯ ಕೆನ್ನೆಯ ಹೊರಗಿನಿಂದ ನೋಡುತ್ತಿದ್ದೇವೆ ಎಂದರ್ಥ. ಕೆಳಗಿನ ಹಲ್ಲಾದ್ದರಿಂದ ಬೇರು ಕೆಳಮುಖವಾಗಿರುವಂತೆ ತಿರುಗಿಸಿದೆ. ಮುಂದಿನ ಸಣ್ಣ ದವಡೆ ಹಲ್ಲು ನನ್ನ ಎಡಗಡೆಗೆ ಬಂತು. ಒಬ್ಬರ ಎಡಕೆನ್ನೆಗೆ ಎದುರಾಗಿ ನಿಂತು ನೋಡಿ, ಅವರ ಮೂಗು ನಿಮ್ಮ ಎಡಕ್ಕೆ ಇರುತ್ತದೆ. ಅಂದರೆ ಇದು ಎಡಗಡೆಯ ಹಲ್ಲು, 36. ಬರೆಯುವಾಗ ಬಲ ಎಡ ಅದಲುಬದಲಾಗಿತ್ತು. ಫಿಲ್ಮಿನ ಬದಲು ಕಾರ್ಡಿನ ಫೋಟೋ ಮಾತ್ರ ವಾಟ್ಸಾಪಿನಲ್ಲಿ ಬಂದಿದ್ದರೆ ನಾನು ಸಾಕ್ಷ್ಯ ಸಾಲದು ಎಂದು ಬರೆದು ಬಿಡುತ್ತಿದ್ದೆ.

ಆಮೇಲೆ ಶವದ 36ರ ಎಕ್ಸ್‌ರೇಯನ್ನು ಅದೇ ಕೋನದಲ್ಲಿ ತೆಗೆಯಲು ನೋಡಿದೆ. ಕೋನ ಬೇರೆಯಾದರೆ ಬೇರಿನ ಆಕಾರವೇ ಬೇರೆಯಾಗಿ ಕಾಣುತ್ತದೆ. ನಾಲ್ಕನೇ ಸಲಕ್ಕೆ ಹೊಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ರೂಟ್ ಕೆನಾಲ್ ಮಾಡಿದಾಗ ಬೇರಿನೊಳಗೆ ತುಂಬಿದ ವಸ್ತು ಬಿಳಿ ಗೆರೆಯಾಗಿ ಕಾಣುತ್ತದೆ. ಮುಂದಿನ ಬೇರಿನಲ್ಲಿ ಆ ಗೆರೆ ತುದಿ ದಾಟಿ ಸಣ್ಣ ಮಣಿಯಂತೆ ಹೊರಬಂದಿತ್ತು. ಹಿಂದಿನ ಬೇರಿನಲ್ಲಿ ತುದಿಗೆ ಮುಟ್ಟದೆ ಸ್ವಲ್ಪ ಮೇಲೆಯೇ ನಿಂತಿತ್ತು. ಮುಂದಿನ ಬೇರು ತುದಿಯಲ್ಲಿ ಕೊಕ್ಕೆಯಂತೆ ಹಿಂದಕ್ಕೆ ಬಾಗಿತ್ತು. ಮೂರೂ ಎರಡು ಚಿತ್ರದಲ್ಲಿ ಒಂದೇ. ಬೆಳಕಿನ ಪೆಟ್ಟಿಗೆಯ ಮುಂದೆ ನಾನೂ ಸಹಾಯಕಿಯೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಷ್ಟೇ ಅಂಶ ಹೊಂದಬೇಕು ಎಂಬ ಲೆಕ್ಕ ಹಲ್ಲಿನಲ್ಲಿ ಇಲ್ಲ. ಕೈಯಿಂದ ಮಾಡಿದ ಇಂಥ ಒಂದು ಚಿಕಿತ್ಸೆ ಇನ್ನೊಬ್ಬರ ಬಾಯಲ್ಲಿ ಇದೇ ಆಕಾರದಲ್ಲಿ ಬರುವುದಿಲ್ಲ. ಕಾರಣ ಕೊಡಲಾಗದ ವ್ಯತ್ಯಾಸ ಒಂದೂ ಉಳಿದಿರಲಿಲ್ಲ. ಗುರುತು ಖಚಿತ ಎಂದು ಬರೆದೆ. ಕಾರ್ಡಿನ ತಪ್ಪನ್ನೂ, ಅದು ಹೇಗೆ ಗೊತ್ತಾಯಿತು ಎಂಬುದನ್ನೂ ವರದಿಯಲ್ಲಿ ಬಿಡಿಸಿ ಬರೆದೆ. ಬಿಟ್ಟರೆ ನಾಳೆ ಕೋರ್ಟಿನಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ. ವಯಸ್ಸಿನ ಲೆಕ್ಕವನ್ನು ಬೇರೆ ಪುಟದಲ್ಲಿ, ಅದರ ಮಿತಿಯ ಜೊತೆಗೆ ಇಟ್ಟೆ. ಹುಳುಕಿಲ್ಲದ ಒಂದು ದವಡೆ ಹಲ್ಲನ್ನು ಮುಟ್ಟದೆ ಬಿಟ್ಟಿದ್ದೆ. ಬೇಕಾದರೆ ಡಿಎನ್‌ಎ ಅದರ ಒಳಗಿನಿಂದ ತೆಗೆಯಬಹುದು. ಅದನ್ನು ಸೀಲ್ ಮಾಡಿ ಪೊಲೀಸರಿಗೆ ಕೊಟ್ಟು ಸಹಿ ಪಡೆದೆ.

ಶವವನ್ನು ಮನೆಯವರಿಗೆ ಒಪ್ಪಿಸುವ ಮೊದಲು 12 ಮತ್ತು 22ನ್ನು ಮತ್ತೆ ಅವುಗಳ ಗುಳಿಯಲ್ಲಿ ಕೂರಿಸಿದೆ.