ಎರಡು ವಾರದ ಹಸಿವಿನ ಪುಸ್ತಕ ಬರೆಯುವುದು ಹೇಗೆ?

ತೂಕ ಇಳಿದರೆ ಮೆಚ್ಚುಗೆ, ಏರಿದರೆ ಬುದ್ಧಿವಾದ. ಖಿನ್ನತೆ ಅಥವಾ ಆತಂಕದಲ್ಲಿರುವವರಿಗೆ ಸುತ್ತಲಿನವರಿಂದ ಸಿಗುವುದು ಬಹುತೇಕ ಇವೆರಡೇ. ಆಹಾರ ತಜ್ಞೆಯಾದ ನನ್ನ ಬಳಿ ಬರುವವರಲ್ಲಿ ಎಷ್ಟೋ ಮಂದಿ ತಡವಾಗಿ ಬರುವುದು ಇದರಿಂದಲೇ. ಅಕ್ಕ, ತಮ್ಮ ಇಬ್ಬರು ಒಟ್ಟಿಗೆ ಬಂದಿದ್ದರು. ಮನೆಯ ವ್ಯಾಪಾರ ಮುಚ್ಚಿದ ಮೇಲೆ ಒಂದೇ ತಿಂಗಳಲ್ಲಿ ಅಕ್ಕನ ತೂಕ 62 ಕಿಲೋದಿಂದ 58.3ಕ್ಕೆ ಇಳಿದಿತ್ತು, ತಮ್ಮನದು 70ರಿಂದ 74.2ಕ್ಕೆ ಏರಿತ್ತು. ಒಂದೇ ಪೆಟ್ಟು ಇಬ್ಬರ ದೇಹದಲ್ಲಿ ಎರಡು ದಿಕ್ಕು ಹಿಡಿದಿತ್ತು.

ಇಂಥವರಿಗೆ ನಾನು ಹೇಳುವುದು ಇಷ್ಟೇ: ಎರಡು ವಾರ ತೂಕ, ಹಸಿವು ಹೇಗಿತ್ತೆಂದು ಒಂದು ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿ. ಮೊದಲು ತೂಕ. ವಾರಕ್ಕೊಮ್ಮೆ, ಬೆಳಿಗ್ಗೆ ಏನೂ ತಿನ್ನುವ ಮೊದಲು, ಅದೇ ಯಂತ್ರದಲ್ಲಿ. ದಿನವೂ ನೋಡಬೇಡಿ. ದೇಹದಲ್ಲಿನ ನೀರಿನ ಏರಿಳಿತವೇ ನಿಮ್ಮನ್ನು ಹೆದರಿಸುತ್ತದೆ.

ನಂತರ ಹಸಿವು. ಎಲ್ಲರೂ ಎಡವುವುದು ಇಲ್ಲಿ. "ಹಸಿವಿಲ್ಲ" ಎಂದು ಒಂದೇ ಪದ ಬರೆದು ಮುಗಿಸುತ್ತಾರೆ. ಆ ಪದದೊಳಗೆ ಬೇರೆ ಬೇರೆ ಸಂಗತಿಗಳಿವೆ. ಹೊಟ್ಟೆ ಕೇಳುತ್ತಲೇ ಇಲ್ಲವೇ? ಕೇಳುತ್ತಿದೆ, ಆದರೆ ಬಾಯಿಗೆ ರುಚಿಯಿಲ್ಲವೇ? ರುಚಿಯೂ ಇದೆ, ಎದ್ದು ಹೋಗಿ ಬಡಿಸಿಕೊಳ್ಳುವ ಶಕ್ತಿಯಿಲ್ಲವೇ? ಅಥವಾ ಎರಡು ತುತ್ತಿಗೇ ಹೊಟ್ಟೆ ತೊಳೆಸುತ್ತಿದೆಯೇ? ಮೊದಲ ಮೂರು ಖಿನ್ನತೆಯಲ್ಲಿ ಹೆಚ್ಚು ಕಾಣುತ್ತವೆ. ಕೊನೆಯದು ಆತಂಕದಲ್ಲಿ ಸಾಮಾನ್ಯ, ಏಕೆಂದರೆ ದೇಹ ಅಪಾಯಕ್ಕೆ ಸಜ್ಜಾದಾಗ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ಅಕ್ಕನ ಪುಸ್ತಕದಲ್ಲಿ ಒಂದು ಸಾಲಿತ್ತು: "ಮಧ್ಯಾಹ್ನ 2. ತುತ್ತು ಅಗಿದೆ, ನುಂಗಲು ಮರೆತೆ." ವೈದ್ಯರಿಗೆ ಬೇಕಾದದ್ದು ಇಂಥ ಸಾಲು.

ತಿನ್ನುವುದು ಹೆಚ್ಚಾದವರು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು. ಹಸಿವು ನಿಧಾನವಾಗಿ ಬಂತೇ, ಇದ್ದಕ್ಕಿದ್ದಂತೆ ಒಂದೇ ಬಗೆಯ ತಿಂಡಿ ಬೇಕೆನಿಸಿತೇ? ಹೊಟ್ಟೆ ತುಂಬಿದಾಗ ನಿಲ್ಲಿಸಲು ಆಯಿತೇ? ತಿನ್ನುವ ಮುಂಚಿನ ಹತ್ತು ನಿಮಿಷ ಮನಸ್ಸು ಹೇಗಿತ್ತು? ತಮ್ಮ ಪ್ರತಿ ರಾತ್ರಿ ಹನ್ನೊಂದರ ಮೇಲೆ, ಸಾಲದ ಲೆಕ್ಕ ನೋಡಿದ ಬೆನ್ನಲ್ಲೇ ಸಿಹಿ ತಿನ್ನುತ್ತಿದ್ದ. ದೀರ್ಘಕಾಲದ ಒತ್ತಡದಲ್ಲಿ ಕಾರ್ಟಿಸಾಲ್ ಹಾರ್ಮೋನು ಸಿಹಿ, ಜಿಡ್ಡಿನ ಆಸೆಯನ್ನು ಹೆಚ್ಚಿಸಬಲ್ಲದು. ಆತನಿಗೆ ಹತ್ತು ಗಂಟೆ ನಿದ್ದೆ, ಕೈಕಾಲು ಸೀಸದಂತೆ ಭಾರ. ಹಸಿವು, ನಿದ್ದೆ ಎರಡೂ ಹೆಚ್ಚುವ ಖಿನ್ನತೆಯೂ ಉಂಟು. ಅದನ್ನು ಸೋಮಾರಿತನ ಎಂದು ಕರೆಯುವವರನ್ನು ನಾನು ಸಹಿಸುವುದಿಲ್ಲ.

ಕ್ಯಾಲೊರಿ ಎಣಿಸುವ ಆ್ಯಪ್ ಈ ಕೆಲಸಕ್ಕೆ ಬೇಡವೇ ಬೇಡ. ಅದು ಸಂಖ್ಯೆ ಕೇಳುತ್ತದೆ, ಮನಸ್ಸನ್ನು ಕೇಳುವುದಿಲ್ಲ. ಮೊದಲೇ ಸೋತವರಿಗೆ ತಪ್ಪಿತಸ್ಥ ಭಾವನೆಯನ್ನೂ ಹೊರಿಸುತ್ತದೆ. ವೈದ್ಯರನ್ನು ಕೇಳದೆ ಹಸಿವು ಹೆಚ್ಚಿಸುವ ಟಾನಿಕ್ ಕುಡಿಯುವುದೂ ತಪ್ಪು. ಅಂಥ ಹಲವು ಔಷಧಿಗಳಲ್ಲಿ ಇರುವ ಸೈಪ್ರೊಹೆಪ್ಟಡಿನ್ ಮಂಪರು ತರುತ್ತದೆ, ಖಿನ್ನತೆಯನ್ನು ಮುಟ್ಟುವುದಿಲ್ಲ.

ಲೆಕ್ಕ. ತೂಕದಲ್ಲಾದ ವ್ಯತ್ಯಾಸವನ್ನು ಮೊದಲಿನ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಅಕ್ಕನದು 3.7 ಭಾಗಿಸು 62, ಅಂದರೆ ಸುಮಾರು ಶೇ 6. ತಮ್ಮನದೂ ಶೇ 6. ಪಥ್ಯ ಮಾಡದೆ ಒಂದು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ಬದಲಾದರೆ ಖಿನ್ನತೆಯ ಲಕ್ಷಣಗಳಲ್ಲಿ ಅದನ್ನು ಎಣಿಸುತ್ತಾರೆ. ತೂಕ ಕದಲದಿದ್ದರೂ, ಎರಡು ವಾರ ಬಹುತೇಕ ದಿನವೂ ಹಸಿವು ಬದಲಾಗಿದ್ದು ಜೊತೆಗೆ ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಉಳಿದಿರದಿದ್ದರೆ ವೈದ್ಯರನ್ನು ಕಾಣಿ.

ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಚೆನ್ನಾಗಿ ತಿಂದರೂ ತೂಕ ಇಳಿದು ಕೈ ನಡುಗಿ, ಎದೆ ಬಡಿದುಕೊಂಡರೆ ಆತಂಕದಂತೆ ಕಾಣುವ ಥೈರಾಯ್ಡ್ ತೊಂದರೆ ಇರಬಹುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಬೇಕು.

ಕಾಯಬಾರದ ಸಂದರ್ಭ. ಸಾಯಬೇಕೆಂಬ ಯೋಚನೆ ಬಂದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ತಲೆಸುತ್ತಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಯಾರಾದರೂ ಐದು ದಿನಕ್ಕಿಂತ ಹೆಚ್ಚು ಕಾಲ ಏನೂ ತಿನ್ನದಂತಿದ್ದರೆ ಮನೆಯಲ್ಲೇ ಒಮ್ಮೆಗೇ ಹೊಟ್ಟೆ ತುಂಬ ಉಣಿಸಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ವೈದ್ಯರ ನಿಗಾದಲ್ಲಿ ಸ್ವಲ್ಪ ಸ್ವಲ್ಪವಾಗಿ ಆರಂಭಿಸಬೇಕು.

ಪುಸ್ತಕವನ್ನು ವೈದ್ಯರ ಕೈಗೇ ಕೊಡಿ. ಔಷಧದ ಆಯ್ಕೆಗೂ ಅದು ನೆರವಾಗುತ್ತದೆ. ಮಿರ್ಟಾಜಪಿನ್ ಎಂಬ ಖಿನ್ನತೆಯ ಔಷಧ ಹಸಿವು ಮತ್ತು ನಿದ್ದೆಯನ್ನು ಹೆಚ್ಚಿಸುತ್ತದೆ. ಅಕ್ಕನಿಗೆ ಅದನ್ನೇ ಬರೆದರು, ಆಗಲೇ ಹೆಚ್ಚು ತಿಂದು ಹೆಚ್ಚು ಮಲಗುತ್ತಿದ್ದ ತಮ್ಮನಿಗೆ ಬೇರೆಯದನ್ನು ಆರಿಸಿದರು. ಮಾತ್ರೆ ಶುರುವಾದ ಮೇಲೂ ವಾರದ ತೂಕ ಬರೆಯುತ್ತಿರಿ. ಬೇಡದಷ್ಟು ಏರುತ್ತಿದ್ದರೆ ನೀವೇ ಮಾತ್ರೆ ನಿಲ್ಲಿಸದೆ, ಅದೇ ಪುಟ ತೋರಿಸಿ ಬದಲಿಸಿಕೊಡಲು ಕೇಳಿ.