ಹಳೆಯ ಕಡತದ ಹಾದಿಯಲ್ಲಿ ಸಿಕ್ಕ ಮೂವರು

ವಾಹನಗಳ ಬಿಡಿಭಾಗ ತಯಾರಿಸುವ ದೊಡ್ಡ ಸಂಸ್ಥೆಯೊಂದಕ್ಕೆ, ಯಂತ್ರಗಳ ಕಂಪನವನ್ನು ಅಳೆದು ಬೇರಿಂಗ್ ಕೆಡುವ ಮೊದಲೇ ಎಚ್ಚರಿಸುವ ಸೆನ್ಸರ್ ವ್ಯವಸ್ಥೆಯನ್ನು ಮಾರಲು ನಾನು ಹಲವು ತಿಂಗಳು ಓಡಾಡಿದ್ದೆ. ಒಟ್ಟು ಮೊತ್ತ 48 ಲಕ್ಷ ರೂಪಾಯಿ. ಖರೀದಿ ಸಮಿತಿಯಲ್ಲಿ ಏಳು ಜನ. ಮೆಂಟೆನೆನ್ಸ್ ಮ್ಯಾನೇಜರ್ ಕರೆ ಮಾಡಿದಾಗಲೆಲ್ಲ ಮಾತನಾಡುತ್ತಿದ್ದರು, ಒಳಗಿನ ಸುದ್ದಿಯನ್ನೂ ಹೇಳುತ್ತಿದ್ದರು. ಸಂಸ್ಥೆಯ ಒಳಗಿದ್ದು ನಮ್ಮ ಪರ ವಾದಿಸುವ ಚಾಂಪಿಯನ್ ಅವರೇ ಎಂದು ನಾನು ನಂಬಿದ್ದೆ.

ಆ ನಂಬಿಕೆ ಮುರಿದದ್ದು ಒಂದು ಸಣ್ಣ ಕೋರಿಕೆಯಿಂದ. ಫೈನಾನ್ಸ್‌ನವರೊಂದಿಗೆ ಇಪ್ಪತ್ತು ನಿಮಿಷದ ಭೇಟಿ ಮಾಡಿಸಿಕೊಡಿ ಎಂದಾಗ ಅವರು ಮೂರು ವಾರ ಮುಂದೂಡುತ್ತಲೇ ಹೋದರು. ಅವರಿಗೆ ನಮ್ಮ ಮೇಲೆ ಅಭಿಮಾನವಿತ್ತು, ಆದರೆ ಅವರ ಮಾತು ಮೇಲಿನವರೆಗೆ ನಡೆಯುತ್ತಿರಲಿಲ್ಲ. ಅದೇ ಕೋರಿಕೆಯನ್ನು ಪ್ರೊಡಕ್ಷನ್ ಮುಖ್ಯಸ್ಥರ ಮುಂದಿಟ್ಟೆ. ಲೈನ್ ನಿಂತ ಪ್ರತಿ ಗಂಟೆಗೂ ಉತ್ತರ ಕೊಡಬೇಕಾದವರು ಅವರೇ ಆಗಿದ್ದರಿಂದ, ಹಿಂದಿನ ಆರು ತಿಂಗಳ ಲೈನ್ ನಿಲುಗಡೆಯ ಲೆಕ್ಕವನ್ನು ಒಂದು ಪುಟದಲ್ಲಿ ತಾವೇ ಬರೆದು, ನಾನಿಲ್ಲದ ಸಭೆಯಲ್ಲಿ ಮಂಡಿಸಿದರು. ನಾವು ಇಲ್ಲದಿರುವಾಗ ನಮ್ಮ ಕೆಲಸ ಮಾಡುವವರನ್ನು ಮಾತ್ರ ನಾನು ಅಂದಿನಿಂದ ಚಾಂಪಿಯನ್ ಎಂದು ಬರೆದುಕೊಳ್ಳುತ್ತೇನೆ.

ಹಣ ಮಂಜೂರು ಮಾಡುವವರು ಯಾರು ಎಂದು ನೇರವಾಗಿ ಕೇಳಿದರೆ ಪ್ರತಿಯೊಬ್ಬರೂ ತಮ್ಮ ಮೇಲಧಿಕಾರಿಯ ಹೆಸರನ್ನೇ ಹೇಳುತ್ತಾರೆ. ಆದ್ದರಿಂದ ಪ್ರೊಡಕ್ಷನ್ ಮುಖ್ಯಸ್ಥರಿಗೆ ನಾನು ಬೇರೆ ಪ್ರಶ್ನೆ ಕೇಳಿದೆ: "ಸರ್, ಕಳೆದ ವರ್ಷ ಕಂಪ್ರೆಸರ್ ತೆಗೆದುಕೊಂಡಿರಲ್ಲ, ಆ ಫೈಲ್ ಯಾರ್ಯಾರ ಟೇಬಲ್ ದಾಟಿ ಹೋಯಿತು?" ಅವರು ನೆನಪಿಸಿಕೊಂಡು ಒಂದೊಂದೇ ಸಹಿಯನ್ನು ಹೇಳುತ್ತಾ ಹೋದಂತೆ, ಪ್ಲಾಂಟ್ ಹೆಡ್ ಅಧಿಕಾರ 25 ಲಕ್ಷಕ್ಕೆ ಮುಗಿಯುತ್ತದೆ, ಅದಕ್ಕೆ ಮೇಲ್ಪಟ್ಟದ್ದು ಕೇಂದ್ರ ಕಚೇರಿಯ ಹಣಕಾಸು ಮುಖ್ಯಸ್ಥರಾದ ಸಿಎಫ್‌ಒ ಬಳಿಗೆ ಹೋಗುತ್ತದೆ ಎಂಬುದು ತಿಳಿಯಿತು. ಅಷ್ಟು ದಿನ, ಖರೀದಿಯಲ್ಲಿ ಯಾರ ಪಾತ್ರವೇನೆಂದು ಬರೆದುಕೊಂಡ ನಕ್ಷೆಯಲ್ಲಿ, ಹಣಕ್ಕೆ ಕೊನೆಯ ಒಪ್ಪಿಗೆ ಕೊಡುವ ಎಕನಾಮಿಕ್ ಬೈಯರ್ ಎಂದು ಪ್ಲಾಂಟ್ ಹೆಡ್ ಅವರನ್ನೇ ಗುರುತಿಸಿದ್ದೆ. ಮೊತ್ತವನ್ನು ಎರಡು ಆರ್ಡರ್‌ಗಳಾಗಿ ಒಡೆದು ಮಿತಿಯೊಳಗೆ ತರೋಣವೆಂದು ನಮ್ಮ ಕಚೇರಿಯಲ್ಲಿ ಸಲಹೆ ಬಂತು. ಆಡಿಟ್‌ನಲ್ಲಿ ಅದು ನಮ್ಮ ಚಾಂಪಿಯನ್ ತಲೆಗೇ ಬರುತ್ತದೆಂದು ನಾನು ಒಪ್ಪಲಿಲ್ಲ.

ಖರೀದಿಗೆ ಅಡ್ಡ ನಿಲ್ಲುವ ಬ್ಲಾಕರ್ ಸಭೆಯಲ್ಲಿ ವಿರೋಧಿಸುತ್ತಾರೆ ಎಂದುಕೊಂಡರೆ ಅವರು ಕಾಣುವುದೇ ಇಲ್ಲ. ಇಲ್ಲಿ ಐಟಿ ಮ್ಯಾನೇಜರ್ ಸಭೆಯಲ್ಲಿ ಮೌನವಾಗಿದ್ದು, ನಾವು ಆಗಲೇ ಉತ್ತರಿಸಿದ್ದ ಭದ್ರತಾ ಪ್ರಶ್ನೆಗಳನ್ನೇ ಎರಡನೆಯ ಸಲವೂ ಕಳುಹಿಸಿದ್ದರು. ಅವರನ್ನು ಒಬ್ಬರೇ ಇರುವಾಗ ಕಂಡು ಮಾತನಾಡಿದೆ. ಹಿಂದೊಮ್ಮೆ ಬೇರೊಬ್ಬ ಸರಬರಾಜುದಾರರ ಉಪಕರಣದಿಂದ ಕಾರ್ಖಾನೆಯ ನೆಟ್‌ವರ್ಕಿಗೆ ವೈರಸ್ ನುಗ್ಗಿ, ಮೆಮೊ ಬಂದದ್ದು ಇವರಿಗೆ. ಅವರ ಭಯ ನ್ಯಾಯವಾದದ್ದೇ ಆಗಿತ್ತು. ಸೆನ್ಸರ್‌ಗಳ ಮಾಹಿತಿಯನ್ನು ಹೊರಗೆ ಕಳುಹಿಸುವ ಗೇಟ್‌ವೇಗೆ ಪ್ರತ್ಯೇಕ 4ಜಿ ಸಿಮ್ ಹಾಕಿ ಅವರ ನೆಟ್‌ವರ್ಕನ್ನು ಮುಟ್ಟದಂತೆ ಮಾಡಿ, ಅದನ್ನು ಬರವಣಿಗೆಯಲ್ಲಿ ಕೊಟ್ಟೆವು. ಅವರು ನಮ್ಮ ಪರ ಮಾತನಾಡಲಿಲ್ಲ, ಆದರೆ ಫೈಲಿನ ಮೇಲೆ "ಆಕ್ಷೇಪಣೆ ಇಲ್ಲ" ಎಂದು ಬರೆದರು.

ಸಿಎಫ್‌ಒ ಭೇಟಿಯಲ್ಲಿ ಸೆನ್ಸರ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಪ್ರೊಡಕ್ಷನ್ ಮುಖ್ಯಸ್ಥರ ಆ ಒಂದು ಪುಟವನ್ನು ಮುಂದಿಟ್ಟುಕೊಂಡು, ಈ ಲೆಕ್ಕ ಹಾಕಿದವರು ನಮ್ಮವರೋ ನೀವೋ ಎಂದಷ್ಟೇ ಕೇಳಿದರು.